ನಾಲ್ಕು ಸೆಂಟಿಮೀಟರ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಪುಟ್ಟಿ ಅಂತ. ವಯಸ್ಸು 16, ಎತ್ತರ 5 ಅಡಿ 11 ಇಂಚು. ಹೊನ್ನಾವರದಿಂದ ಬಂದ ನೆಂಟರು ಹೆಸರು ಕೇಳಿ ಒಮ್ಮೆ, ಅವಳನ್ನು ನೋಡಿ ಇನ್ನೊಮ್ಮೆ ನಗುತ್ತಾರೆ. ಆಮೇಲೆ ತಪ್ಪದೆ ಒಂದು ಮಾತು: "ಇವಳಿಗೆ ಗಂಡು ಎಲ್ಲಿ ಹುಡುಕ್ತೀರಿ?"

ಅವಳು ಬಗ್ಗಿ ನಡೆಯುವುದನ್ನು ಕಲಿತದ್ದು ಏಳನೇ ಕ್ಲಾಸಿನಲ್ಲಿ. ಗೆಳತಿಯರ ಜೊತೆ ನಿಂತಾಗ ಒಂದು ಮಂಡಿ ಮಡಚುತ್ತಾಳೆ, ಸೊಂಟ ಒಂದು ಕಡೆ ವಾಲಿಸುತ್ತಾಳೆ, ಕತ್ತು ಮುಂದೆ ಚಾಚುತ್ತಾಳೆ. "ಬೆನ್ನು ನೆಟ್ಟಗೆ ಮಾಡು" ಅಂತ ನಾನೇ ನೂರು ಸಲ ಹೇಳಿದ್ದೇನೆ. ಹೇಳಿದಾಗ ಸೈನಿಕನ ಹಾಗೆ ಎದೆ ಉಬ್ಬಿಸಿ ನಿಲ್ಲುತ್ತಿದ್ದಳು, ಅರ್ಧ ನಿಮಿಷಕ್ಕೆ ಮತ್ತೆ ಅದೇ ಗೂನು. ಈಗ ಅನ್ನಿಸುತ್ತೆ, ಆ ಮಾತು ಸುಮ್ನೆ ದಂಡ. ಎತ್ತರದ ಬಗ್ಗೆ ಹೊರಗಿನವರು ಆಡುವುದು ಸಾಲದು ಅಂತ ಬೆನ್ನಿನ ಬಗ್ಗೆ ನಾವೂ ಆಡಿದ ಹಾಗಾಯಿತು, ಅಷ್ಟೇ.

ಕಳೆದ ವರ್ಷ ಭುಜದ ನಡುವೆ ನೋವು ಜಾಸ್ತಿಯಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಆಕೆ ಮೊದಲು ಮಾಡಿದ್ದು, ಪುಟ್ಟಿಯನ್ನು ಮುಂದೆ ಬಗ್ಗಿಸಿ ಹಿಂದಿನಿಂದ ನೋಡಿದ್ದು. ಪಕ್ಕೆಲುಬು ಒಂದು ಕಡೆ ಎದ್ದು ಕಂಡರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರಬಹುದು ಅಂತ. ಹಾಗೇನೂ ಕಾಣಲಿಲ್ಲ. ಆಮೇಲೆ ಬೋರಲು ಮಲಗಿಸಿ ಎದೆ ಎತ್ತಲು ಹೇಳಿದರು. ಗೂನು ಮಾಯ! "ಎತ್ತಿದಾಗ ಗೂನು ಹೋಗದೆ ಗಟ್ಟಿಯಾಗಿ ಹಾಗೇ ಉಳಿದಿದ್ದರೆ ಎಕ್ಸ್‌ರೇ ತೆಗೆಸಿ ಅನ್ನುತ್ತಿದ್ದೆ. ಇದು ಮೂಳೆಯದ್ದಲ್ಲ, ಅಭ್ಯಾಸದ್ದು" ಅಂದರು. ಇನ್ನೂ ಎಷ್ಟು ಬೆಳೀತಾಳೋ ಅನ್ನುವ ಚಿಂತೆ ಅಕ್ಕನಿಗೆ. ಮುಟ್ಟು ಶುರುವಾಗಿ ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಹುಡುಗಿಯರ ಬೆಳವಣಿಗೆ ಬಹುತೇಕ ಮುಗಿದಿರುತ್ತೆ, ಇವಳಿಗೆ ನಾಲ್ಕಾಯಿತಲ್ಲ ಅಂತ ಸಮಾಧಾನ ಹೇಳಿದರು.

ನನಗೆ ನೆನಪಿರುವುದು ಅದಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದರು. 180 ಸೆಂಟಿಮೀಟರ್. "ಈಗ ಗೆಳತಿಯರ ಜೊತೆ ನಿಲ್ಲುವ ಹಾಗೆ ನಿಲ್ಲು" ಅಂದರು. ಪುಟ್ಟಿ ನಾಚಿಕೊಂಡು ತನ್ನ ಮಾಮೂಲಿ ಗೂನು ಹಾಕಿದಳು. ಇನ್ನೊಂದು ಗೆರೆ. 176.

ಟೇಪಿನಲ್ಲಿ ನಾಲ್ಕು ಬೆರಳಿನಷ್ಟೂ ಅಗಲವಿಲ್ಲ. ಪುಟ್ಟಿ ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದಳು. "ಅಂದರೆ ಬಗ್ಗಿದರೂ ಕ್ಲಾಸಿನಲ್ಲಿ ನಾನೇ ಎತ್ತರನಾ?" ಅಂದಳು. ಯಾರೂ ಉತ್ತರ ಕೊಡಲಿಲ್ಲ. ಕ್ಲಾಸಿನ ಎರಡನೇ ಎತ್ತರದ ಹುಡುಗಿ 168.

ಕೊಟ್ಟ ವ್ಯಾಯಾಮ ಮೂರೇ. ಗದ್ದವನ್ನು ಹಿಂದಕ್ಕೆ ಎಳೆದು ಐದು ಎಣಿಸುವುದು. ಟವೆಲ್ ಸುರುಳಿ ಮಾಡಿ ಭುಜದ ಹಲಗೆಗಳ ಕೆಳಗೆ ಅಡ್ಡ ಇಟ್ಟು ಅಂಗಾತ ಮಲಗುವುದು. ಗೋಡೆಗೆ ಬೆನ್ನು ತಾಗಿಸಿ ಕೈಗಳನ್ನು ಮೇಲೆ ಜಾರಿಸುವುದು. ನೋವು ಕಡಿಮೆಯಾಗಲು ಎರಡು ತಿಂಗಳು ಹಿಡಿಯಿತು. ಆದರೆ ಬೆನ್ನಿಗೆ ಶಕ್ತಿ ಬಂದ ಮಾತ್ರಕ್ಕೆ ಹುಡುಗಿ ನೆಟ್ಟಗೆ ನಿಲ್ಲುವುದಿಲ್ಲ. ಅವಳನ್ನು ಬಗ್ಗಿಸುವ ವಸ್ತುಗಳು ಮನೆತುಂಬ ಇದ್ದವು. ಓದುವ ಮೇಜು, ಅಡುಗೆಕಟ್ಟೆ, ವಾಶ್‌ಬೇಸಿನ್ ಮೇಲಿನ ಕನ್ನಡಿ, ಎಲ್ಲವೂ 5 ಅಡಿಯ ಅಕ್ಕನ ಅಳತೆಗೆ. ಮೇಜಿನ ಕಾಲಿಗೆ ಭಾವ ಮರದ ತುಂಡು ಕೊಟ್ಟರು.

ನಾನೂ ಒಂದು ಪೆದ್ದುತನ ಮಾಡಿದೆ. ಸಂಜೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಬ್ಯಾಗ್ ಮೇಲಿಡಲು ಇವಳನ್ನೇ ಕರೆಯುತ್ತಾರೆ. "ನೋಡು, ಎಷ್ಟು ಉಪಯೋಗ ಅಲ್ವಾ?" ಅಂದೆ. "ಚಿಕ್ಕಮ್ಮ, ನಾನೇನು ಏಣಿನಾ?" ಅಂದಳು. ಸರಿಯಾಗಿಯೇ ಅಂದಳು. ಅವಳ ಎತ್ತರಕ್ಕೆ ನಾನ್ಯಾಕೆ ಕೆಲಸ ಹುಡುಕಬೇಕು?

ಮೇ ತಿಂಗಳಲ್ಲಿ ಮಾಟುಂಗಾದಲ್ಲಿ ನೆಂಟರ ಮದುವೆ. ಗ್ರೂಪ್ ಫೋಟೋಗೆ ನಿಂತಾಗ ಫೋಟೋಗ್ರಾಫರ್ ಕೂಗಿದ, "ಬೇಟಾ, ಥೋಡಾ ಝುಕೋ." ಅಭ್ಯಾಸದಂತೆ ಅವಳ ಮಂಡಿ ಮಡಚಿತು, ನಾನು ನೋಡಿದೆ. ಆಮೇಲೆ ಮೆಲ್ಲಗೆ ನೆಟ್ಟಗಾಯಿತು. ಹಿಂದಿನ ಸಾಲಿಗೆ ಹೋಗಿ ನಿಂತಳು, ಪೂರ್ತಿ 180. ಕಿವಿ ಕೆಂಪಾಗಿತ್ತು. ಬಸ್‌ಸ್ಟಾಪಿನಲ್ಲಿ ಹುಡುಗರ ಗುಂಪು ಕಂಡರೆ ಈಗಲೂ ಕತ್ತು ಮುಂದೆ ಬರುತ್ತೆ, ಸುಳ್ಳು ಹೇಳೋದಿಲ್ಲ.

ಹೋದ ಭಾನುವಾರ ಹೋದಾಗ ವಾಶ್‌ಬೇಸಿನ್ ಮೇಲೆ ಟೈಲ್ಸಿನಲ್ಲಿ ಎರಡು ಹಳೆ ಸ್ಕ್ರೂ ತೂತು ಕಂಡವು. ಕನ್ನಡಿ ಎಂಟು ಇಂಚು ಮೇಲೆ ಹೋಗಿದೆ. ಪುಟ್ಟಿ ನೆಟ್ಟಗೆ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಅಕ್ಕ ಈಗ ಮಣೆ ಹತ್ತಿ ಕುಂಕುಮ ಇಟ್ಟುಕೊಳ್ಳುತ್ತಾಳೆ.