ಹದಿಮೂರು ಸಲ ಗೆದ್ದರೂ ಕೈಗೆ ಬಂದದ್ದು ನಷ್ಟ

ಕಳೆದ ವರ್ಷ ನಾನು ಕೊಂಡು ಮಾರಿದ ಷೇರುಗಳನ್ನೆಲ್ಲ ಮೊನ್ನೆ ಒಂದು ಹಾಳೆಯಲ್ಲಿ ಬರೆದೆ. ಒಟ್ಟು 20. ಹದಿಮೂರರಲ್ಲಿ ಲಾಭ, ಏಳರಲ್ಲಿ ನಷ್ಟ. ಪರವಾಗಿಲ್ಲ ಅನ್ನಿಸಿತು. ಪ್ರತಿ ಸಲ ಹಾಕಿದ್ದು ಹೆಚ್ಚುಕಮ್ಮಿ ಒಂದೇ ಮೊತ್ತ. ಲಾಭದ ಸರಾಸರಿ ಶೇ. 6, ನಷ್ಟದ ಸರಾಸರಿ ಶೇ. 14. ಹದಿಮೂರು ಆರಲೆ 78, ಏಳು ಹದಿನಾಲ್ಕಲೆ 98. ಅಷ್ಟು ಸಲ ಗೆದ್ದೂ ನಾನು ಸೋತಿದ್ದೆ.

ಪಕ್ಕದಲ್ಲೇ ಇನ್ನೊಂದು ಸಾಲು ಬರೆದೆ: ಎಷ್ಟು ದಿನ ಇಟ್ಟುಕೊಂಡಿದ್ದೆ ಅಂತ. ಲಾಭದವು ಎರಡು ವಾರ ದಾಟಿರಲಿಲ್ಲ. ನಷ್ಟದವು ನಾಲ್ಕೈದು ತಿಂಗಳು ನನ್ನ ಜೊತೆಗೇ ಇದ್ದವು. ನಿಮಗೂ ಈ ಚಾಳಿ ಇದೆಯಾ ಅಂತ ನೋಡಲು ಈ ಎರಡು ಸಾಲು ಸಾಕು.

ಇದು ನನ್ನೊಬ್ಬನ ಕಥೆ ಅಲ್ಲ. ಟೆರೆನ್ಸ್ ಓಡೀನ್ ಅನ್ನುವ ಪ್ರೊಫೆಸರ್ ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳ ಲೆಕ್ಕ ತೆಗೆದು 1998ರಲ್ಲಿ ಪ್ರಕಟಿಸಿದರು. ಮಾರುವ ಹೊತ್ತಿಗೆ ಲಾಭದಲ್ಲಿದ್ದ ಷೇರುಗಳಲ್ಲಿ ಜನ ಶೇ. 14.8ರಷ್ಟನ್ನು ಮಾರಿದ್ದರು. ನಷ್ಟದಲ್ಲಿದ್ದವುಗಳಲ್ಲಿ ಶೇ. 9.8ರಷ್ಟನ್ನು ಮಾತ್ರ. ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಏನಂದರೆ, ಮಾರಿಬಿಟ್ಟ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ. 3.4ರಷ್ಟು ಜಾಸ್ತಿ ಗಳಿಸಿದವು. ಡಿಸೆಂಬರಿನಲ್ಲಿ ಮಾತ್ರ ಇದು ತಿರುಗಾಮುರುಗಾ. ಅಲ್ಲಿ ತೆರಿಗೆ ಉಳಿಸಲು ವರ್ಷದ ಕೊನೆಗೆ ನಷ್ಟ ತೋರಿಸಬೇಕಲ್ಲ! ಅಂದರೆ ಮಾರಲು ಒಂದು ನೆಪ ಸಿಕ್ಕರೆ ಜನ ಮಾರುತ್ತಾರೆ. ನೆಪ ಇಲ್ಲದಾಗಲೇ ಕೈ ನಡುಗೋದು.

ಯಾಕೆ ನಡುಗುತ್ತದೆ? ಕಾನೆಮನ್ ಮತ್ತು ಟ್ವರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ಪ್ರಯೋಗಗಳಲ್ಲಿ ಕಂಡದ್ದು, ಕಳೆದುಕೊಂಡ ನೋವು ಅಷ್ಟೇ ಗಳಿಸಿದ ಖುಷಿಯ ಸುಮಾರು ಎರಡು ಪಟ್ಟು. ಮಾರುವವರೆಗೆ ಆ ನಷ್ಟ ಬರೀ ಕಾಗದದ ಮೇಲಿನದು ಅಂತ ಮನಸ್ಸು ಸಮಾಧಾನ ಹೇಳಿಕೊಳ್ಳುತ್ತದೆ. ಮಾರಿದರೆ ತಪ್ಪು ಒಪ್ಪಿಕೊಂಡ ಹಾಗೆ. ಅದಕ್ಕೇ 'ಅಸಲು ಬಂದರೆ ಸಾಕು, ಮಾರಿಬಿಡ್ತೀನಿ' ಅನ್ನೋದು. ಆದರೆ ನಾನು ಎಷ್ಟಕ್ಕೆ ಕೊಂಡೆ ಅಂತ ಆ ಷೇರಿಗೇನು ಗೊತ್ತು? ಅರ್ಧಕ್ಕೆ ಇಳಿದದ್ದು ಅಸಲಿಗೆ ಬರಬೇಕಾದರೆ ಶೇ. 50 ಅಲ್ಲ, ಶೇ. 100 ಏರಬೇಕು.

ಆ ಗಳಿಗೆಯಲ್ಲಿ ನನಗೆ ಧೈರ್ಯ ಬರುವುದಿಲ್ಲ ಅಂತ ಗೊತ್ತಾಗಿದೆ. ಹಾಗಾಗಿ ಮಾರುವ ತೀರ್ಮಾನವನ್ನು ಷೇರು ಕೊಳ್ಳುವ ಮೊದಲಿಗೇ ತಂದಿಟ್ಟೆ. ಷೇರಿನ ಬೆಲೆ 200 ಅನ್ನಿ. 180ಕ್ಕೆ ಇಳಿದರೆ ನನ್ನ ಲೆಕ್ಕ ತಪ್ಪು ಅಂತ ಮೊದಲೇ ಬರೆದಿಡುತ್ತೇನೆ. ಒಂದು ಷೇರಿಗೆ ಹೋಗಬಹುದಾದ್ದು 20. ಒಟ್ಟು ದುಡ್ಡು 1,00,000 ಇದ್ದರೆ, ಒಂದು ಸಲಕ್ಕೆ ಅದರಲ್ಲಿ ಶೇ. 1, ಅಂದರೆ 1,000 ಮಾತ್ರ ಕಳೆದುಕೊಳ್ಳಲು ತಯಾರು. 1,000ವನ್ನು 20ರಿಂದ ಭಾಗಿಸಿದರೆ 50 ಷೇರು. ಅಷ್ಟೇ ಕೊಳ್ಳುವುದು, ಕೊಂಡ ಕೂಡಲೇ 180ಕ್ಕೆ ಸ್ಟಾಪ್‌ಲಾಸ್ ಹಾಕುವುದು, ಅಂದರೆ ಬೆಲೆ ಅಲ್ಲಿಗೆ ಇಳಿದರೆ ತಾನಾಗೇ ಮಾರಿಬಿಡುವ ಆರ್ಡರ್.

ಲಾಭದ ಕಡೆಗೂ ಅದೇ 20. ದಿನದ ಕೊನೆಯ ಬೆಲೆ ಎಷ್ಟು ಎತ್ತರಕ್ಕೆ ಹೋಗಿತ್ತೋ ಅದಕ್ಕಿಂತ 20 ಕೆಳಗೆ ಸ್ಟಾಪ್ ಇರುತ್ತದೆ. 212 ಆದರೆ 192. 260 ಆದರೆ 240. ಸ್ಟಾಪ್ ಮೇಲಕ್ಕೆ ಹೋಗಬಹುದು, ಕೆಳಗೆ ಇಳಿಯೋ ಹಾಗಿಲ್ಲ. ಮೊದಲಾಗಿದ್ದರೆ 212ಕ್ಕೇ ಮಾರಿ ಖುಷಿಪಡುತ್ತಿದ್ದೆ. ಇನ್ನೊಂದು ನಿಯಮ: ಇಳಿಯುತ್ತಿರುವುದನ್ನು ಇನ್ನಷ್ಟು ಕೊಂಡು 'ಆವರೇಜ್' ಮಾಡೋದಿಲ್ಲ.

ಇದರಲ್ಲಿ ತೊಂದರೆಗಳೂ ಇವೆ. ಕೆಟ್ಟ ಸುದ್ದಿ ಬಂದು ಷೇರು ಬೆಳಿಗ್ಗೆ ನೇರವಾಗಿ 165ಕ್ಕೆ ಶುರುವಾದರೆ 180ರ ಸ್ಟಾಪ್ ಕಾಪಾಡಲ್ಲ. 165ರ ಆಸುಪಾಸಿಗೆ ಮಾರಿಹೋಗುತ್ತದೆ. ದಿನಾ ಹತ್ತು ಹದಿನೈದು ಆಡುವ ಷೇರಿಗೆ ಐದರ ಸ್ಟಾಪ್ ಹಾಕಿದರೆ ಸುಮ್ನೆ ಹೊರಗೆ ಬೀಳುತ್ತೀರಿ. ಹತ್ತಾರು ವರ್ಷಕ್ಕೆಂದು ತಿಂಗಳು ತಿಂಗಳು ಇಂಡೆಕ್ಸ್ ಫಂಡಿಗೆ ಹಾಕುವವರಿಗೆ ಇದು ಬೇಕಾಗಿಯೂ ಇಲ್ಲ. ಇನ್ನು ಗೆಲ್ಲುವ ಸಂಖ್ಯೆ ಕಮ್ಮಿಯಾಗುತ್ತದೆ, ಸಣ್ಣ ಸಣ್ಣ ಸೋಲು ಜಾಸ್ತಿ. ನನಗೆ ಅಭ್ಯಾಸವಾಗಲು ಕಷ್ಟವಾದದ್ದು ಇದೇ.

ಹೋದ ತಿಂಗಳು ಒಂದು ಷೇರು ಸ್ಟಾಪ್‌ಗೆ ಬಡಿದು 180ಕ್ಕೆ ಮಾರಿಹೋಯಿತು. ಮೂರೇ ವಾರಕ್ಕೆ 215. ಸ್ನೇಹಿತ ನಗುತ್ತಾ ಕೇಳಿದ, 'ಸುಮ್ನೆ ಇಟ್ಕೊಂಡಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?'

'ಚೆನ್ನಾಗಿರ್ತಿತ್ತು' ಅಂದೆ. ಅವತ್ತು ಕೊಂಡ ಇನ್ನೊಂದಕ್ಕೆ ಅಷ್ಟರಲ್ಲಾಗಲೇ ಸ್ಟಾಪ್ ಹಾಕಿಯಾಗಿತ್ತು.