ರೆಫರೆನ್ಸ್ ಫಾರ್ಮಲ್ಲಿ 'ಗುಡ್, ಓಕೆ' ಅಂತ ಬರೆದರೆ ನನಗೆ ಏನು ಗೊತ್ತಾಗಬೇಕು?

ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ಇಲ್ಲೇ ಕಕ್ಕಿಬಿಡುತ್ತೇನೆ, ಬೇಡದವರು ಮುಂದಕ್ಕೆ ಸ್ಕ್ರೋಲ್ ಮಾಡಿ.

ನಮ್ಮ ಫ್ಯಾಕ್ಟರಿಗೆ ಸ್ಟೋರ್ಸ್ ಇನ್‌ಚಾರ್ಜ್ ಬೇಕಾಗಿದ್ದಾರೆ. ಇಂಟರ್‌ವ್ಯೂ ಎಲ್ಲ ಮುಗಿದು ಇಬ್ಬರು ಉಳಿದಿದ್ದಾರೆ. ಅವರಲ್ಲಿ ಒಬ್ಬರ ಹಳೇ ಕಂಪನಿಗೆ ಫೋನ್ ಮಾಡಿ ವಿಚಾರಿಸೋ ಕೆಲಸವನ್ನು ನಮ್ಮ ಪ್ಲಾಂಟಿನ ಒಬ್ಬ ಹಿರಿಯ ಮ್ಯಾನೇಜರ್ 'ನಾನೇ ಮಾಡ್ತೀನಿ ಬಿಡಿ' ಅಂತ ವಹಿಸಿಕೊಂಡಿದ್ದರು. ಇವತ್ತು ಫಾರ್ಮ್ ಬಂತು. ಅದರಲ್ಲಿ ಇದ್ದದ್ದು ಇಷ್ಟು. ಕೆಲಸ: ಗುಡ್. ಪ್ರಾಮಾಣಿಕತೆ: ಗುಡ್. ಹಾಜರಿ: ಓಕೆ. ನಡವಳಿಕೆ: ಸ್ವಲ್ಪ ಜಗಳಗಂಟ. ಕೆಳಗೆ ದಪ್ಪ ಅಕ್ಷರದಲ್ಲಿ: ಬೇಡ.

ಯಾರ ಹತ್ತಿರ ಮಾತಾಡಿದ್ದು? ಇಲ್ಲ. ಯಾವತ್ತು? ಇಲ್ಲ. ಅವರಿಗೂ ಈ ಮನುಷ್ಯನಿಗೂ ಏನು ಸಂಬಂಧ? ಇಲ್ಲ. ಜಗಳಗಂಟ ಅಂದವರು ಯಾರು, ಹಳೇ ಕಂಪನಿಯವರಾ, ನಮ್ಮ ಮ್ಯಾನೇಜರಾ? ಅದೂ ಇಲ್ಲ. ಕೇಳಿದರೆ 'ಮೇಡಂ, ಎರಡು ನಿಮಿಷ ಮಾತಾಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ' ಅಂತಾರೆ. ಇಷ್ಟು ದಿವ್ಯದೃಷ್ಟಿ ಇರೋರು ಫ್ಯಾಕ್ಟರಿಯಲ್ಲಿ ಯಾಕಿದ್ದಾರೋ!

ಸಿಟ್ಟಿನಲ್ಲೇ ಅಭ್ಯರ್ಥಿ ಹೆಸರು ಕೊಟ್ಟಿದ್ದವರಿಗೆ ನಾನೇ ಮತ್ತೆ ಫೋನ್ ಮಾಡಿದೆ. ಮೊದಲು ಆ ಕಂಪನಿಯ ಬೋರ್ಡ್ ನಂಬರಿಗೆ ಮಾಡಿ, ಇಂಥವರು ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಹೌದಾ ಅಂತ ಕೇಳಿ, ಅವರ ಮೂಲಕವೇ ಲೈನ್ ತೆಗೆದುಕೊಂಡೆ. ಅಭ್ಯರ್ಥಿ ಕೊಟ್ಟ ಮೊಬೈಲ್ ನಂಬರ್ ಎತ್ತುವವರು ಅವರ ಭಾವಮೈದುನ ಆಗಿರಬಹುದು. ಹಾಗೆ ನಡೆಯೋದನ್ನು ಈ ಕೆಲಸದಲ್ಲಿ ಇರುವವರೆಲ್ಲ ನೋಡಿದ್ದೇವೆ.

'ಸರ್, ಐದು ಹತ್ತು ನಿಮಿಷ ಆಗುತ್ತೆ, ಈಗ ಮಾತಾಡಬಹುದಾ? ಅವರೇ ನಿಮ್ಮ ಹೆಸರು ಕೊಟ್ಟಿದ್ದಾರೆ, ನೀವು ಹೇಳೋದನ್ನ ಬರೆದುಕೊಳ್ತೀನಿ' ಅಂದೆ. ಆಯ್ತು ಅಂದರು. ಎಷ್ಟು ವರ್ಷ ಒಟ್ಟಿಗೆ ಇದ್ದಿರಿ, ಅವರು ನಿಮಗೆ ರಿಪೋರ್ಟ್ ಮಾಡುತ್ತಿದ್ದರಾ ಅಂತ ಕೇಳಿದೆ. ಇಲ್ಲ, ಸ್ಟೋರ್ಸ್ ಬೇರೆ ಡಿಪಾರ್ಟ್‌ಮೆಂಟ್, ನಮಗೆ ಮೆಟೀರಿಯಲ್ ಕೊಡೋದು ಅವರು ಅಂದರು. ನೋಡಿ, ಇಲ್ಲೇ ಅರ್ಧ ವಿಷಯ ಗೊತ್ತಾಯಿತು. ಇವರು ಸ್ಟೋರ್ಸಿನ ಗಿರಾಕಿ, ಬಾಸ್ ಅಲ್ಲ. ಹಾಜರಿ ಓಕೆ ಅಂತ ಹೇಳೋಕೆ ಇವರಿಗೆ ಹಾಜರಿ ಪುಸ್ತಕವೇ ಗೊತ್ತಿಲ್ಲ.

ಆಮೇಲೆ ಆ ಜಗಳದ ವಿಷಯ ತೆಗೆದೆ. 'ಜಗಳ ಅಂದ್ರೆ ಏನಾಗಿತ್ತು ಸರ್? ಒಂದು ಸಲದ್ದು ಹೇಳಿ.'

'ಅಯ್ಯೋ ಮೇಡಂ, ಒಂದ್ಸಲ ನೈಟ್ ಶಿಫ್ಟಲ್ಲಿ ಇನ್ಸರ್ಟ್ ಬೇಕಿತ್ತು. ನಮ್ಮ ಸೂಪರ್‌ವೈಸರ್ ಹೋದ್ರೆ ಸ್ಲಿಪ್ ಇಲ್ದೆ ಕೊಡಲ್ಲ ಅಂತ ಕೂತುಬಿಟ್ರು. ಮೆಷಿನ್ ನಿಂತಿದೆ. ನಾನೇ ಮನೆಯಿಂದ ಫೋನ್ ಮಾಡಿದ್ರೂ, ಸರ್ ಬರೆದು ಕಳಿಸಿ ಅಂತಾರೆ.'

'ಆಮೇಲೆ?'

'ಆಮೇಲೇನು, ವಾಟ್ಸಾಪಲ್ಲಿ ಬರೆದು ಕಳಿಸ್ದೆ. ತಕ್ಷಣ ಕೊಟ್ರು.'

'ಮೆಷಿನ್ ಎಷ್ಟು ಹೊತ್ತು ನಿಂತಿತ್ತು?'

'ಒಂದು ಇಪ್ಪತ್ತು ನಿಮಿಷ ಇರಬಹುದು.'

'ಬೇರೆ ಯಾವುದಾದ್ರೂ ವಿಷಯಕ್ಕೆ ಜಗಳ ಆಗಿತ್ತಾ?'

'ಇಲ್ಲ ಇಲ್ಲ. ಬರೀ ಸ್ಲಿಪ್ ವಿಷಯಕ್ಕೇ.'

ಮೆಷಿನ್ ಶಾಪ್ ಗೊತ್ತಿಲ್ಲದವರಿಗೆ ಹೇಳಬೇಕು. ಇನ್ಸರ್ಟ್ ಅಂದರೆ ಲೋಹ ಕೊರೆಯುವ ಟೂಲಿನ ತುದಿಗೆ ಕೂರಿಸುವ ಚಿಕ್ಕ ಕಾರ್ಬೈಡ್ ಬಿಲ್ಲೆ. ಉಗುರಿನಷ್ಟು ಗಾತ್ರ, ಬೆಲೆ ಮಾತ್ರ ಉಗುರಿನಷ್ಟಲ್ಲ. ಜೇಬಿಗೆ ಹಾಕಿಕೊಂಡು ಹೋದರೆ ಗೇಟಲ್ಲಿ ಯಾರಿಗೂ ಕಾಣುವುದಿಲ್ಲ. ನಾವು ಹೊಸ ಸ್ಟೋರ್ಸ್ ಇನ್‌ಚಾರ್ಜ್ ಹುಡುಕುತ್ತಿರುವುದೇ ಸ್ಲಿಪ್ ಇಲ್ಲದೆ ಕೈಗೆ ಸಿಕ್ಕಿದವರಿಗೆಲ್ಲ ಇನ್ಸರ್ಟ್ ಹೋಗುತ್ತಿದೆ ಅಂತ! ನಮಗೆ ಬೇಕಾದ ಮನುಷ್ಯ ಬಂದು ಬಾಗಿಲಲ್ಲಿ ನಿಂತಿದ್ದಾರೆ, ನಾವು 'ಜಗಳಗಂಟ, ಬೇಡ' ಅಂತ ಬರೆದು ಫೈಲ್ ಮಾಡುತ್ತಿದ್ದೇವೆ. ನಗಬೇಕೋ ಅಳಬೇಕೋ.

ಹಾಗಂತ ಎಲ್ಲ ಹಾಲುಜೇನು ಅಂತಲೂ ಅಲ್ಲ. 'ವರ್ಷದ ಕೊನೆಗೆ ಸ್ಟಾಕ್ ಎಣಿಸಿದಾಗ ಲೆಕ್ಕ ಹೇಗೆ ಬರ್ತಿತ್ತು?' ಅಂತ ಕೇಳಿದೆ. 'ಲೆಕ್ಕ ಸರಿ ಬರ್ತಿತ್ತು. ಆದ್ರೆ ಲಾರಿ ಬಂದ ದಿನವೇ ಸಿಸ್ಟಮ್‌ಗೆ ಎಂಟ್ರಿ ಮಾಡ್ತಿರಲಿಲ್ಲ. ಎರಡು ಮೂರು ದಿನ ತಡ. ಸಪ್ಲೈಯರ್ ಬಿಲ್ ಪಾಸ್ ಆಗ್ದೆ ಅಕೌಂಟ್ಸ್‌ನವರು ಬಾಯಿ ಬಡ್ಕೊಳ್ತಿದ್ರು' ಅಂದರು. ಯಾವಾಗಲೂ ಹೀಗೇ ಇತ್ತಾ ಅಂದೆ. ಸ್ವಲ್ಪ ಯೋಚನೆ ಮಾಡಿ, 'ಮೊದಲು ಇಬ್ಬರಿದ್ರು. ಒಬ್ಬ ಬಿಟ್ಟು ಹೋದ ಮೇಲೆ ಹೀಗಾಯ್ತು' ಅಂದರು. ಈ ವಿಷಯ ಫಾರ್ಮಿನಲ್ಲಿ ಎಲ್ಲಿತ್ತು ಹೇಳಿ? 'ಕೆಲಸ: ಗುಡ್' ಒಳಗೆ ಹೂತುಹೋಗಿತ್ತು. ಒಳ್ಳೆಯದು ಕೆಟ್ಟದ್ದಾಗಿ ಬಂದಿದೆ, ಕೆಟ್ಟದ್ದು ಕಾಣದೇ ಹೋಗಿದೆ.

ನನ್ನ ತಕರಾರು ಇಷ್ಟೇ. ಮನುಷ್ಯ ಹೇಗೆ ಅಂತ ಕೇಳಬೇಡಿ. ಏನಾಯಿತು ಅಂತ ಕೇಳಿ. ಹೇಗೆ ಅಂತ ಕೇಳಿದರೆ ಯಾರಾದರೂ 'ಒಳ್ಳೆಯವರು' ಅಂತಲೇ ಹೇಳೋದು. ನಮ್ಮ ಕಡೆ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ? ಲಾರಿ ಬಂದ ದಿನ ಏನು ಮಾಡುತ್ತಿದ್ದರು, ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಯಾರಿಗೆ ಮೊದಲು ಹೇಳುತ್ತಿದ್ದರು, ರಜೆ ಹಾಕಿದರೆ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು, ಇಂಥದ್ದು ಕೇಳಿದರೆ ಜನ ಮಾತಾಡುತ್ತಾರೆ. ಚಾಡಿ ಹೇಳಿದ ಹಾಗೆ ಅನ್ನಿಸೋದಿಲ್ಲ ಅವರಿಗೆ. ಕೊನೆಗೆ ಒಂದು ಪ್ರಶ್ನೆ ನಾನು ಬಿಡೋದೇ ಇಲ್ಲ: 'ಇದೇ ಕೆಲಸಕ್ಕೆ ಅವರನ್ನ ಮತ್ತೆ ತಗೋತೀರಾ?' ಇವರು ಒಂದು ಕ್ಷಣವೂ ತಡೆಯದೆ 'ಸ್ಟೋರ್ಸಿಗಾದ್ರೆ ತಗೋತೀನಿ ಮೇಡಂ, ಆದ್ರೆ ಕಂಪ್ಯೂಟರಿಗೆ ಒಬ್ಬ ಹುಡುಗನ್ನ ಜೊತೆಗೆ ಕೊಡಿ' ಅಂದರು. ಇದಕ್ಕಿಂತ ಇನ್ನೇನು ಬೇಕು?

ಇನ್ನು ಬರೆದುಕೊಳ್ಳೋದು. ಇದರಲ್ಲಿ ನಾನು ಸ್ವಲ್ಪ ಹುಚ್ಚಿ, ಒಪ್ಪಿಕೊಳ್ಳುತ್ತೇನೆ. ಮೇಲೆ ದಿನಾಂಕ, ಸಮಯ, ಮಾತಾಡಿದವರ ಹೆಸರು, ಆಗಿನ ಹುದ್ದೆ, ಎಷ್ಟು ಕಾಲದ ಪರಿಚಯ, ನಂಬರ್ ಎಲ್ಲಿಂದ ಸಿಕ್ಕಿತು. ಕೆಳಗೆ ಪ್ರಶ್ನೆ, ಅದರ ಎದುರಿಗೆ ಅವರು ಹೇಳಿದ ಮಾತು, ಹೇಳಿದ ಹಾಗೇ. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ. 'ಸ್ಲಿಪ್ ಇಲ್ದೆ ಕೊಡಲ್ಲ ಅಂತ ಕೂತುಬಿಟ್ರು' ಅನ್ನೋದನ್ನು ನೀವು ಇಂಗ್ಲಿಷಿಗೆ ತಿರುಗಿಸಿ 'ಅಡಾಮೆಂಟ್' ಅಂತ ಬರೆದರೆ ಸ್ಲಿಪ್ಪೂ ಹೋಯಿತು, ಇನ್ಸರ್ಟೂ ಹೋಯಿತು. ನಮಗೆ ಏನಾದರೂ ಅನ್ನಿಸಿದ್ದರೆ ಅದಕ್ಕೆ ಬೇರೆ ಜಾಗ ಇದೆ, ಪುಟದ ಕೊನೆಗೆ, 'ನನ್ನ ಟಿಪ್ಪಣಿ' ಅಂತ. ಎರಡನ್ನೂ ಬೆರೆಸಬಾರದು. ಫೋನ್ ಇಡುವ ಮುಂಚೆ ಮುಖ್ಯವಾದ ಎರಡು ಮೂರು ಸಾಲು ಓದಿ ಹೇಳುತ್ತೇನೆ. 'ಹಾಗಲ್ಲ ಮೇಡಂ' ಅಂತ ತಿದ್ದುವವರು ಇದ್ದಾರೆ. ಇವರೂ ತಿದ್ದಿದರು: ತಡ ಆಗುತ್ತಿದ್ದದ್ದು ಲೋಕಲ್ ಸಪ್ಲೈಯರ್ ಮಾಲಿಗೆ ಮಾತ್ರ, ಸ್ಟೀಲ್ ಬಂದರೆ ಅವತ್ತೇ ಏರಿಸುತ್ತಿದ್ದರಂತೆ.

ಉತ್ತರ ಸಿಗದೇ ಇರೋದನ್ನೂ ಸರಿಯಾಗಿ ಬರೆಯಬೇಕು. ಎಷ್ಟೋ ದೊಡ್ಡ ಕಂಪನಿಗಳು ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟು ಬಿಟ್ಟು ತುಟಿ ಬಿಚ್ಚುವುದಿಲ್ಲ. ಅದು ಅವರ ಪಾಲಿಸಿ. ಅದನ್ನು 'ಮಾತಾಡಲು ಹಿಂಜರಿದರು' ಅಂತ ಬರೆದರೆ ಅಲ್ಲಿ ಇಲ್ಲದ ಹೊಗೆ ನೀವೇ ಹಾಕಿದ ಹಾಗೆ. 'ಪಾಲಿಸಿ ಪ್ರಕಾರ ದಿನಾಂಕ, ಹುದ್ದೆ ಮಾತ್ರ ಹೇಳಿದರು' ಅಂತ ಬರೆಯಿರಿ, ಮುಗೀತು. ಹಾಗೆ ನೋಡಿದರೆ ಸೇರಿದ ದಿನ, ಬಿಟ್ಟ ದಿನಕ್ಕೆ ಫೋನೇ ಬೇಕಿಲ್ಲ. ರಿಲೀವಿಂಗ್ ಲೆಟರ್, ಪಿಎಫ್ ಸರ್ವಿಸ್ ಹಿಸ್ಟರಿ ಪಕ್ಕಪಕ್ಕ ಇಟ್ಟುಕೊಂಡರೆ ಸಾಕು.

ಈಗ ಕೆಲವರು ಕಮೆಂಟಲ್ಲಿ ಬಂದೇ ಬರ್ತೀರಿ, ಗೊತ್ತು. 'ಅಭ್ಯರ್ಥಿ ತನಗೆ ಬೇಕಾದವರ ಹೆಸರನ್ನೇ ಕೊಡ್ತಾನೆ, ಇದೆಲ್ಲ ನಾಟಕ.' ಹೆಸರು ಆರಿಸೋಕೆ ಅವರಿಗೆ ಯಾಕೆ ಬಿಡ್ತೀರಿ? 'ಕೊನೆಯ ಎರಡು ಕಡೆ ನೀವು ಯಾರಿಗೆ ರಿಪೋರ್ಟ್ ಮಾಡ್ತಿದ್ರಿ ಅವರದ್ದು, ನಿಮ್ಮಿಂದ ಮಾಲು ತಗೊಳ್ತಿದ್ದ ಒಬ್ಬರದ್ದು' ಅಂತ ನೀವೇ ಹೇಳಿ ಕೇಳಿ. ಇನ್ನೊಂದು, 'ನಿಜ ಹೇಳಿದರೆ ಮಾನನಷ್ಟ ಕೇಸ್ ಹಾಕ್ತಾರೆ, ಅದಕ್ಕೆ ಯಾರೂ ಹೇಳಲ್ಲ.' ಆ ಕಾನೂನನ್ನು ಒಮ್ಮೆ ಓದಿ. ಹಳೇ ಐಪಿಸಿ 499, ಈಗ ಭಾರತೀಯ ನ್ಯಾಯ ಸಂಹಿತೆಯ 356. ಅದರಲ್ಲೇ ವಿನಾಯಿತಿಗಳಿವೆ. ತನ್ನ ಅಥವಾ ಬೇರೆಯವರ ಹಿತ ಕಾಯಲು ಸದುದ್ದೇಶದಿಂದ ಹೇಳಿದ ಮಾತು ಅಪರಾಧ ಅಲ್ಲ. ಅದಕ್ಕೆ ಕೊಟ್ಟಿರುವ ಉದಾಹರಣೆಯೇ ಒಬ್ಬ ಅಂಗಡಿಯವನದ್ದು. 'ರೊಕ್ಕ ಕೊಡದೆ ಅವನಿಗೆ ಏನೂ ಮಾರಬೇಡ, ಅವನ ಪ್ರಾಮಾಣಿಕತೆ ಮೇಲೆ ನನಗೆ ನಂಬಿಕೆ ಇಲ್ಲ' ಅಂತ ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ ಹೇಳುತ್ತಾನೆ. ಸದುದ್ದೇಶ ಇರಬೇಕು ಅಷ್ಟೇ. ಬಾಯಿಗೆ ಬಂದದ್ದು ಹೇಳಿ ಅಂತ ಅಲ್ಲ. ನಡೆದದ್ದನ್ನು, ಕಂಡಷ್ಟನ್ನು ಹೇಳುವವರು ಹೆದರುವ ಕಾರಣ ಕಡಿಮೆ. ಅದಕ್ಕೂ ಪ್ರಶ್ನೆ ನಡೆದದ್ದರ ಬಗ್ಗೆಯೇ ಇರಬೇಕು.

ಒಂದು ವಿಷಯಕ್ಕೆ ಮಾತ್ರ ನಾನು ಯಾರ ಜೊತೆ ಬೇಕಾದರೂ ಕಿತ್ತಾಡುತ್ತೇನೆ. ಈಗ ಕೆಲಸ ಮಾಡುತ್ತಿರುವ ಕಂಪನಿಗೆ ಅವರನ್ನು ಕೇಳದೆ ಫೋನ್ ಮಾಡುವುದು. 'ಅಲ್ಲಿ ನಮ್ಮ ಫ್ರೆಂಡ್ ಒಬ್ಬ ಇದ್ದಾನೆ, ಗುಟ್ಟಾಗಿ ಕೇಳ್ತೀನಿ' ಅಂತ ಹೊರಡುವವರಿಗೆ ಪೀಣ್ಯದಲ್ಲಿ ಗುಟ್ಟು ಮಧ್ಯಾಹ್ನದ ಟೀ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತೆ ಅಂತ ಗೊತ್ತಿಲ್ವಾ? ನಾವು ಕೆಲಸ ಕೊಡದೇ ಇರಬಹುದು, ಇರೋ ಕೆಲಸವನ್ನೂ ಕಳೆದರೆ ಹೇಗೆ? ಆಫರ್ ಕೊಟ್ಟು, ಅವರು ಹೂಂ ಅಂದ ಮೇಲೆ ಕೇಳಿ. ಮತ್ತೆ, ಮದುವೆ ಆಗಿದೆಯಾ, ಯಾವ ಜನ, ಯೂನಿಯನ್‌ನಲ್ಲಿ ಇದ್ದರಾ ಅಂತ ಕೇಳುವವರು ನನ್ನ ಕಣ್ಣಿಗೆ ಬೀಳಬೇಡಿ. ಇಬ್ಬರು ಅಭ್ಯರ್ಥಿಗಳಿದ್ದರೆ ಇಬ್ಬರ ಬಗ್ಗೆಯೂ ಅವೇ ಪ್ರಶ್ನೆ ಕೇಳಬೇಕು. ಒಬ್ಬರದ್ದು ಮಾತ್ರ ಕೆದಕಿದರೆ ಕೆದಕಿಸಿಕೊಂಡವರದ್ದೇ ಕೆಟ್ಟದಾಗಿ ಕಾಣುತ್ತೆ.

ಸಂಜೆ ಅಭ್ಯರ್ಥಿಗೇ ಫೋನ್ ಮಾಡಿದೆ. ಯಾರು ಹೇಳಿದರು ಅಂತ ಹೇಳಲಿಲ್ಲ. 'ಎಂಟ್ರಿ ತಡ ಆಗುತ್ತಿತ್ತು ಅಂತ ಕೇಳಿದೆ, ಏನಾಯಿತು?' ಅಂದೆ. ಮುಚ್ಚಿಡಲಿಲ್ಲ. ಜೊತೆಗಿದ್ದ ಹುಡುಗ ಬಿಟ್ಟ ಮೇಲೆ ಇನ್ನೊಬ್ಬರನ್ನು ಕೊಡಿ ಅಂತ ಮೇಲಿನವರಿಗೆ ಮೇಲ್ ಹಾಕಿದ್ದರಂತೆ. ಅದನ್ನೂ ಅವರ ಮಾತಿನಲ್ಲೇ ಫಾರ್ಮಿಗೆ ಸೇರಿಸಿದ್ದೇನೆ. ನಾಳೆ ಅವರ ಆಗಿನ ಬಾಸ್ ಹತ್ತಿರ ಇದೇ ಪ್ರಶ್ನೆ ಕೇಳಬೇಕು, ಯಾಕಂದ್ರೆ ಮೇಲ್ ಹೋಗಿತ್ತೋ ಇಲ್ಲವೋ ಅವರಿಗೇ ಗೊತ್ತಿರೋದು. ಎರಡನೇ ಅಭ್ಯರ್ಥಿಯ ಕಡೆಯವರಿಗೂ ನಾನೇ ಫೋನ್ ಮಾಡುತ್ತಿದ್ದೇನೆ. ನಮ್ಮ ಹಿರಿಯ ಮ್ಯಾನೇಜರ್ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ.

ಫಾರ್ಮ್ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಒಂದೇ ಪುಟ, ಕಳಿಸುತ್ತೇನೆ. ಐದಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಕಾಲಂ ಅದರಲ್ಲಿ ಇಲ್ಲ. ಸೇರಿಸಿ ಕೊಡಿ ಅಂತ ಕೇಳಬೇಡಿ, ಕೊಡಲ್ಲ.