ಅಂಕ ಹಾಕುವ ಮೊದಲು ಪುಟ ಸಂಖ್ಯೆ ಬರೆಯಿರಿ

ಟೆಂಡರ್ ಪರಿಶೀಲನಾ ಸಮಿತಿಗಳಲ್ಲಿ ಜಗಳ ಹುಟ್ಟುವುದು ಅಂಕದ ಬಗ್ಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜವಾದ ತಪ್ಪು ಅದಕ್ಕೂ ಹಿಂದಿನ ಹಂತದಲ್ಲೇ ಆಗಿರುತ್ತದೆ. ಬಿಡ್ಡುದಾರ ಕೊಟ್ಟ ಯಾವ ಕಾಗದ ಯಾವ ಮಾನದಂಡಕ್ಕೆ ಉತ್ತರ ಎಂದು ಯಾರೂ ಕೂತು ಹೊಂದಿಸಿರುವುದಿಲ್ಲ. ಬಿಡ್ಡುದಾರನೇ ಮಾಡಿಕೊಟ್ಟ ಚೆಕ್‌ಲಿಸ್ಟ್ ನೋಡಿ, ಅದರ ಎದುರಿಗೆ ಅಂಕ ಬರೆದು ಮುಗಿಸುತ್ತಾರೆ. ಆ ಚೆಕ್‌ಲಿಸ್ಟ್ ಅವನ ವಾದ ಅಷ್ಟೇ, ಪುರಾವೆ ಅಲ್ಲ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಕುಡಿಯುವ ನೀರಿನ ಯೋಜನೆಯ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಕೊಡಲು ಸಲಹಾ ಸಂಸ್ಥೆ ಬೇಕು. ತಾಂತ್ರಿಕ ದಾಖಲೆ ಒಂದರಲ್ಲಿ, ದರ ಇನ್ನೊಂದರಲ್ಲಿ ಕೊಡುವ ಎರಡು ಲಕೋಟೆ ಪದ್ಧತಿ, ತಾಂತ್ರಿಕಕ್ಕೆ ಶೇ. 70, ದರಕ್ಕೆ ಶೇ. 30. ಅನುಭವದ ಮಾನದಂಡ ಹೀಗಿದೆ: ಕಳೆದ 5 ವರ್ಷಗಳಲ್ಲಿ ಪೂರ್ಣಗೊಳಿಸಿದ, ತಲಾ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಇಂಥದೇ ಕೆಲಸಗಳು, ಜಂಟಿ ಉದ್ಯಮವಾದರೆ ಬಿಡ್ಡುದಾರನ ಪಾಲು ಮಾತ್ರ ಲೆಕ್ಕಕ್ಕೆ, ಕೆಲಸಕ್ಕೆ 5 ಅಂಕ, ಗರಿಷ್ಠ 20. ‘ಅ’ ಎಂಬ ಸಂಸ್ಥೆ ತನ್ನ ಚೆಕ್‌ಲಿಸ್ಟ್‌ನಲ್ಲಿ ‘4 ಕೆಲಸ, ಪುಟ 112ರಿಂದ 140’ ಎಂದು ಬರೆದಿದೆ. ಅದನ್ನೇ ನಂಬಿದರೆ 20 ಅಂಕ.

ಈಗ ಒಂದೊಂದು ಕೆಲಸಕ್ಕೂ ಒಂದು ಸಾಲು ಮಾಡಿ. ಮೊದಲ ಕಾಲಂನಲ್ಲಿ ಮಾನದಂಡದ ವಾಕ್ಯ, ಟೆಂಡರ್ ದಾಖಲೆಯಲ್ಲಿ ಇದ್ದ ಹಾಗೇ. ಸಂಕ್ಷಿಪ್ತಗೊಳಿಸಿದರೆ ‘ಪೂರ್ಣಗೊಳಿಸಿದ’ ಎಂಬ ಪದವೇ ಬಿದ್ದುಹೋಗುತ್ತದೆ. ಪಕ್ಕದಲ್ಲಿ ಫೈಲ್ ಹೆಸರು ಮತ್ತು ಪುಟ. ಕಾಗದದ ಮೇಲೆ ಅಚ್ಚಾದ ಸಂಖ್ಯೆಯೋ ಪಿಡಿಎಫ್ ತೋರಿಸುವ ಸಂಖ್ಯೆಯೋ ಎಂದು ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಒಬ್ಬರು 118 ಅಂದರೆ ಇನ್ನೊಬ್ಬರು 121 ತೆರೆದು ಕೂತಿರುತ್ತಾರೆ. ಆಮೇಲೆ ಆ ಪುಟ ಏನು ಹೇಳುತ್ತದೆ ಎಂದು ಒಂದು ಸಾಲು. ಅಂಕದ ಕಾಲಂ ಸದ್ಯಕ್ಕೆ ಬೇಡ.

ಹಾಗೆ ಮಾಡಿದಾಗ ‘ಅ’ ಸಂಸ್ಥೆಯ ಚಿತ್ರವೇ ಬದಲಾಗುತ್ತದೆ. ಮೊದಲ ಎರಡು ಕೆಲಸಗಳಿಗೆ ಪೂರ್ಣಗೊಳಿಸಿದ ಪ್ರಮಾಣಪತ್ರ ಇದೆ, ದಿನಾಂಕವೂ ಅವಧಿಯೊಳಗಿದೆ, ಮೊತ್ತವೂ ಸರಿ. ಮೂರನೆಯದಕ್ಕೆ ಇರುವುದು ಕಾರ್ಯಾದೇಶ ಮಾತ್ರ. ಕೆಲಸ ಕೊಟ್ಟಿದ್ದಕ್ಕೆ ಅದು ಸಾಕ್ಷಿ, ಮುಗಿಸಿದ್ದಕ್ಕಲ್ಲ. ನಾಲ್ಕನೆಯದು ಜಂಟಿ ಉದ್ಯಮದಲ್ಲಿ ಮಾಡಿದ 40 ಲಕ್ಷದ ಕೆಲಸ. ಒಪ್ಪಂದದ ಪ್ರತಿ ನೋಡಿದರೆ ‘ಅ’ ಪಾಲು ಶೇ. 40, ಅಂದರೆ 16 ಲಕ್ಷ. ಲೆಕ್ಕಕ್ಕೆ ಬರುವುದು ಎರಡೇ ಕೆಲಸ.

ಒಪ್ಪಿದ ಕೆಲಸಗಳ ಸಂಖ್ಯೆ E7 ಕೋಶದಲ್ಲಿದ್ದರೆ ಅಂಕದ ಸೂತ್ರ ಇಷ್ಟೇ:

```
=MIN(20,5*E7)
```

20 ಇದ್ದದ್ದು 10 ಆಯಿತು. ಒಟ್ಟು ತಾಂತ್ರಿಕ ಅಂಕ 88ರಿಂದ 78ಕ್ಕೆ ಇಳಿಯಿತು. ‘ಆ’ ಸಂಸ್ಥೆಗೆ 82 ಇದೆ ಎನ್ನಿ. ದರ ‘ಅ’ದು 50 ಲಕ್ಷ, ‘ಆ’ದು 48 ಲಕ್ಷ. ಕಡಿಮೆ ದರಕ್ಕೆ 100 ಅಂಕ, ಇನ್ನೊಂದಕ್ಕೆ 48/50ರ ಲೆಕ್ಕದಲ್ಲಿ 96. ತೂಕ ಹಾಕಿದರೆ ‘ಆ’ಗೆ 87.4. ಚೆಕ್‌ಲಿಸ್ಟ್ ನಂಬಿದ್ದರೆ ‘ಅ’ಗೆ 90.4 ಬಂದು ಕೆಲಸ ಅದರ ಪಾಲಾಗುತ್ತಿತ್ತು. ಪುಟ ತೆರೆದು ನೋಡಿದ್ದರಿಂದ ಬಂದದ್ದು 83.4. ಕೆಲಸ ಯಾರಿಗೆ ಎಂಬುದು ಎರಡು ಸಾಲುಗಳಲ್ಲಿ ತಿರುಗಿಹೋಯಿತು.

ಹೊಂದಿಸುವ ಕೆಲಸವನ್ನು ಒಬ್ಬರು ಮಾಡಿ, ಇನ್ನೊಬ್ಬರು ಅದೇ ಪುಟ ತೆರೆದು ತಾಳೆ ನೋಡಬೇಕು. ಅಂಕವನ್ನು ಮಾತ್ರ ಸದಸ್ಯರು ಬೇರೆ ಬೇರೆಯಾಗಿ ಹಾಕಲಿ, ಅದೂ ಒಂದು ಮಾನದಂಡ ಹಿಡಿದು ಎಲ್ಲ ಬಿಡ್ಡುದಾರರಿಗೂ ಒಟ್ಟಿಗೆ. ಒಂದು ಸಂಸ್ಥೆಯ ಕಡತ ಪೂರ್ತಿ ಓದಿ ಅಂಕ ಹಾಕುತ್ತಾ ಹೋದರೆ, ಚೆಂದದ ವರದಿ ನೋಡಿದ ಒಳ್ಳೆಯ ಅಭಿಪ್ರಾಯ ಅನುಭವದ ಅಂಕಕ್ಕೂ ಹರಿಯುತ್ತದೆ. ಕೆಲಸ ಎಣಿಸುವಂಥ ಮಾನದಂಡದಲ್ಲಿ ಇಬ್ಬರು ಸದಸ್ಯರ ಅಂಕ ಬೇರೆಯಾಯಿತೇ? ಸರಾಸರಿ ತೆಗೆಯಬೇಡಿ. ಒಬ್ಬರು 20, ಒಬ್ಬರು 10 ಹಾಕಿದಲ್ಲಿ 15 ಎಂಬುದು ಯಾವ ಕಾಗದವೂ ಹೇಳದ ಸಂಖ್ಯೆ. ಪುಟಕ್ಕೆ ವಾಪಸ್ ಹೋಗಿ.

ಕೆಲಸವನ್ನು ಹೇಗೆ ಮಾಡುತ್ತೇವೆ ಎಂದು ಸಂಸ್ಥೆ ಹೇಳುವ ಕಾರ್ಯವಿಧಾನದ ಅಂಕ ಬೇರೆ ಥರ. ಅಲ್ಲಿ ಸದಸ್ಯರ ಅಭಿಪ್ರಾಯಕ್ಕೆ ಜಾಗ ಇದೆ, ಸರಾಸರಿಯೂ ಸರಿಯೇ. ಆದರೆ ಟೆಂಡರ್‌ನಲ್ಲಿ ಹೇಳದ ಉಪಮಾನದಂಡವನ್ನು ಲಕೋಟೆ ತೆರೆದ ಮೇಲೆ ಹುಟ್ಟಿಸುವಂತಿಲ್ಲ.

ಉತ್ತರ ಸಿಗದ ಕೋಶವನ್ನು ಖಾಲಿ ಬಿಡಬೇಡಿ. ಖಾಲಿ ಇದ್ದರೆ ಹುಡುಕಲಿಲ್ಲವೋ ಸಿಗಲಿಲ್ಲವೋ ತಿಳಿಯುವುದಿಲ್ಲ. ‘ಇಲ್ಲ, ಫೈಲ್ 1ರಿಂದ 4 ನೋಡಿದೆ’ ಎಂದು ಬರೆಯಿರಿ. ಅಸ್ಪಷ್ಟವಾಗಿದ್ದರೆ ‘ಸ್ಪಷ್ಟನೆ ಬೇಕು’ ಎಂದು ಬರೆದು, ಅಂಥ ಎಲ್ಲ ಬಿಡ್ಡುದಾರರನ್ನೂ ಒಂದೇ ರೀತಿ ಕೇಳಿ. ಮಸುಕಾದ ಸ್ಕ್ಯಾನ್‌ನಲ್ಲಿ ದಿನಾಂಕ ಓದಲಾಗದಿದ್ದರೆ ಕೇಳಬಹುದು. ಬಿಡ್‌ನಲ್ಲೇ ಇಲ್ಲದ ಐದನೇ ಕೆಲಸವನ್ನು ಸ್ಪಷ್ಟನೆಯ ಹೆಸರಲ್ಲಿ ಸೇರಿಸಿಕೊಂಡರೆ ಅದು ಹೊಸ ಬಿಡ್.

ಕರ್ನಾಟಕದಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ಇರುವ ಕೆಟಿಪಿಪಿ ಕಾಯ್ದೆ, 1999ರ 16ನೇ ಕಲಮಿನಡಿ ಮೇಲ್ಮನವಿ ಬಂದಾಗ ‘ಅ’ ಸಂಸ್ಥೆ ಕೇಳುವುದು ‘ನನ್ನ ನಾಲ್ಕನೇ ಕೆಲಸ ಯಾಕೆ ಬಿಟ್ಟಿರಿ’ ಎಂದೇ. ‘ಸಮಿತಿ ಪರಿಶೀಲಿಸಿ ತೀರ್ಮಾನಿಸಿತು’ ಎಂಬ ನಡವಳಿ ಉತ್ತರವಾಗುವುದಿಲ್ಲ. ‘ಫೈಲ್ 3, ಪುಟ 136, ಪಾಲು ಶೇ. 40, ಮೊತ್ತ 16 ಲಕ್ಷ’ ಎಂಬ ಸಾಲು ಆಗುತ್ತದೆ. ಅದಕ್ಕೇ ಈ ಪಟ್ಟಿಗೆ ಎಲ್ಲ ಸದಸ್ಯರ ಸಹಿ ಮತ್ತು ದಿನಾಂಕ ಬಿದ್ದ ಮೇಲೆಯೇ ದರದ ಲಕೋಟೆ ತೆರೆಯಿರಿ.